ಕೋಲದ ಮುಂದೆ ಮೊಬೈಲ್: ಒಂದು ರಾತ್ರಿಯ ಅಧ್ಯಯನ 250 ಪದಕ್ಕೆ ಇಳಿಯುವ ಬಗೆ

ತುಳುನಾಡಿನ ಹಲವು ದೈವಸ್ಥಾನಗಳಲ್ಲಿ ಈಗ ‘ಮೊಬೈಲ್‌ನಲ್ಲಿ ಚಿತ್ರೀಕರಣ ಮಾಡಬಾರದು’ ಎಂಬ ಫಲಕ ಕಾಣುತ್ತದೆ. ದೈವ ಕಟ್ಟಿದವರು ಕುಣಿದು ನುಡಿ ಕೊಡುವ ರಾತ್ರಿಯ ಆಚರಣೆಯೇ ಕೋಲ, ಅದು ಶುರುವಾಗುವ ಮೊದಲು ಮೈಕಿನಲ್ಲೂ ಹೇಳುತ್ತಾರೆ. ಆದರೂ ಬೆಳಗಾಗುವ ಹೊತ್ತಿಗೆ ಅರ್ಧ ನಿಮಿಷದ ತುಣುಕೊಂದು ಯಾರದೋ ಖಾತೆಯಲ್ಲಿ ಬಂದಿರುತ್ತದೆ. ಅದರ ಹಿಂದೆ ಸಿನಿಮಾದ ಹಿನ್ನೆಲೆ ಸಂಗೀತ ಬೇರೆ ಸೇರಿರುತ್ತದೆ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ತೆರೆಕಂಡ ಮೇಲೆ ಕರಾವಳಿಯ ಹೊರಗಿನವರಿಗೂ ದೈವ, ಕೋಲ, ಕೋಲವನ್ನೇ ಹೇಳುವ ನೇಮ ಎಂಬ ಹೆಸರುಗಳು ಪರಿಚಯವಾದವು. ನೋಡುವವರು ಜಾಸ್ತಿಯಾದರು, ಚಿತ್ರ ತೆಗೆಯುವವರೂ ಜಾಸ್ತಿಯಾದರು, ಅದರ ಜೊತೆಗೆ ಜಗಳವೂ ಬಂತು.

ಈ ಜಗಳ ಈಗ ವಿಚಾರ ಸಂಕಿರಣಗಳಿಗೂ ಬಂದಿದೆ. ‘ಆಚರಣೆ ಮತ್ತು ಡಿಜಿಟಲ್ ಮಾಧ್ಯಮ’ ಎಂಬ ವಿಷಯವಿಟ್ಟು 250 ಪದದೊಳಗೆ ಪ್ರಬಂಧದ ಸಾರಾಂಶ ಕೇಳಿದರೆ, ಕರಾವಳಿಯ ಹುಡುಗ ಹುಡುಗಿಯರು ಮೊದಲು ಕೈ ಹಾಕುವುದು ಇದಕ್ಕೇ. ವಿಷಯ ಒಳ್ಳೆಯದು. ಅದನ್ನು ಹತ್ತಿರದಿಂದ ಕಂಡವರು ಅವರೇ. ಆದರೆ ಸಾರಾಂಶ ಓದಿದರೆ ಆ ಹತ್ತಿರದ ನೋಟವೇ ಅದರಲ್ಲಿ ಇರುವುದಿಲ್ಲ. ಹೆಚ್ಚಿನವು ಹೀಗಿರುತ್ತವೆ:

“ಭೂತಾರಾಧನೆ ತುಳುನಾಡಿನ ಪ್ರಾಚೀನ ಪರಂಪರೆ. ಇಂದಿನ ಡಿಜಿಟಲ್ ಯುಗದಲ್ಲಿ ಸಾಮಾಜಿಕ ಜಾಲತಾಣಗಳು ಆಚರಣೆಗಳ ಮೇಲೆ ಅಪಾರ ಪರಿಣಾಮ ಬೀರುತ್ತಿವೆ. ಈ ಪ್ರಬಂಧ ಭೂತಾರಾಧನೆಯ ಮೇಲೆ ಡಿಜಿಟಲ್ ಮಾಧ್ಯಮದ ಪ್ರಭಾವವನ್ನು ಅವಲೋಕಿಸುತ್ತದೆ. ಇದರ ಧನಾತ್ಮಕ ಮತ್ತು ಋಣಾತ್ಮಕ ಅಂಶಗಳನ್ನು ಚರ್ಚಿಸಲಾಗುವುದು.”

ಇದರಲ್ಲಿ ತಪ್ಪು ಮಾತು ಒಂದೂ ಇಲ್ಲ. ಆದರೆ ‘ಭೂತಾರಾಧನೆ’ ಎಂಬಲ್ಲಿ ‘ಯಕ್ಷಗಾನ’ ಎಂದು ಬರೆಯಿರಿ, ‘ಕರಗ’ ಎಂದು ಬರೆಯಿರಿ, ಸಾಲು ಹಾಗೇ ನಿಲ್ಲುತ್ತದೆ. ಬರೆದವರು ಏನನ್ನು ಕೇಳುತ್ತಿದ್ದಾರೆ, ಹೇಗೆ ಹುಡುಕಿದರು, ಏನು ಹೇಳುತ್ತಾರೆ, ಕೊನೆಗೆ ಏನು ಸಿಕ್ಕಿತು ಎಂಬ ನಾಲ್ಕರಲ್ಲಿ ಒಂದೂ ಇಲ್ಲಿಲ್ಲ. ಉದ್ದೇಶ, ವಿಧಾನ, ವಾದ, ಕಂಡುಕೊಂಡದ್ದು ಎಂದು ನಾವು ತರಗತಿಯಲ್ಲಿ ಹೇಳಿಕೊಡುವುದು ಈ ನಾಲ್ಕನ್ನೇ. ಇವು ಒಂದರಿಂದ ಒಂದು ಹುಟ್ಟಬೇಕು. ಅದು ಹೇಗೆಂದು ತಿಳಿಯಲು ಮೊದಲು ಕೋಲದ ರಾತ್ರಿಯನ್ನೇ ನೋಡಬೇಕಾಗುತ್ತದೆ.

ಭಂಡಾರದ ಮನೆಯಿಂದ ದೈವದ ಆಯುಧ, ಆಭರಣಗಳು ಮೆರವಣಿಗೆಯಲ್ಲಿ ಬರುತ್ತವೆ. ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಅವರಿಗೆ ಎಣ್ಣೆಬೂಳ್ಯ ಕೊಡುತ್ತಾರೆ. ಎಣ್ಣೆ ಮತ್ತು ವೀಳ್ಯ ಕೊಟ್ಟು ‘ಇನ್ನು ಶುರುಮಾಡಿ’ ಎನ್ನುವ ಕ್ರಮ ಅದು. ಮಿಂದು ಬಂದು ಮುಖಕ್ಕೆ ಅರದಾಳ ಹಚ್ಚಿಕೊಳ್ಳಲು ಕೂರುತ್ತಾರೆ. ತೆಂಬರೆ ಎಂಬ ವಾದ್ಯದ ಜೊತೆ ಪಾಡ್ದನದ ಹಾಡು ನಡೆಯುತ್ತದೆ. ಆ ದೈವ ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಈ ಊರಿಗೆ ಬಂತು ಎಂಬ ಕಥೆ ಅದರಲ್ಲಿರುತ್ತದೆ. ತೆಂಗಿನ ಎಳೆ ಗರಿಯ ಸಿರಿ ಸೊಂಟಕ್ಕೆ ಬರುತ್ತದೆ. ಆಮೇಲೆ ಗಗ್ಗರ ಎಂಬ ಕಾಲಿನ ಆಭರಣ. ಕಾಲಿಗೆ ಗಗ್ಗರ ಏರಿದ ಮೇಲೆ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಲ್ಲಿಂದ ಅದು ದೈವ. ಮಧ್ಯಸ್ಥರು ದೈವವನ್ನು ಉದ್ದೇಶಿಸಿ ಮದಿಪಿನ ಮಾತು ಹೇಳುತ್ತಾರೆ, ದೈವ ನುಡಿ ಕೊಡುತ್ತದೆ. ಊರಿನ ಹಳೆಯ ಯಜಮಾನಿಕೆಯ ಮನೆಗಳಾದ ಗುತ್ತು, ಬರ್ಕೆಗಳ ಹಿರಿಯರನ್ನು ಅವರವರ ಕ್ರಮದಲ್ಲಿ ಕರೆದು ಮಾತಾಡಿಸುತ್ತದೆ. ಕೊನೆಗೆ ಊರವರು ಒಬ್ಬೊಬ್ಬರಾಗಿ ಬಂದು ಅರಿಕೆ ಮಾಡಿಕೊಳ್ಳುತ್ತಾರೆ. ಜಾಗದ ತಕರಾರು, ನಿಂತುಹೋದ ಮದುವೆ, ವಾಸಿಯಾಗದ ಕಾಯಿಲೆ, ಅಣ್ಣತಮ್ಮಂದಿರ ಮುನಿಸು ಎಲ್ಲವೂ ಅಲ್ಲಿ ಬರುತ್ತದೆ.

ಈಗ ಮೊಬೈಲಿನಲ್ಲಿ ನೋಡಿದ ತುಣುಕನ್ನು ನೆನಪು ಮಾಡಿಕೊಳ್ಳಿ. ದೊಂದಿಯ ಬೆಂಕಿ, ಬೆನ್ನಿಗೆ ಕಟ್ಟಿದ ಅಣಿ ತಿರುಗುವ ವೇಗ, ಒಂದು ಕೂಗು, ಅಷ್ಟೇ ಅಲ್ವಾ? ಹಲವು ಗಂಟೆ ನಡೆದ ಎಣ್ಣೆಬೂಳ್ಯ, ಪಾಡ್ದನ, ಕಾಯುವಿಕೆ ಅದರಲ್ಲಿಲ್ಲ. ನುಡಿ ಇದ್ದರೂ ಅರ್ಧ ವಾಕ್ಯಕ್ಕೆ ಕತ್ತರಿ ಬಿದ್ದಿರುತ್ತದೆ. ಇದಕ್ಕೆ ಕಾರಣವೂ ಸರಳ. ಕುಣಿತ ಯಾರಿಗೆ ಬೇಕಾದರೂ ಕಾಣುತ್ತದೆ. ನುಡಿ ಮಾತ್ರ ಒಂದು ಮನೆಗೆ, ಒಂದು ಊರಿಗೆ, ಅಲ್ಲಿ ನಿಂತವರಿಗೆ ಹೇಳಿದ್ದು. ಹೊರಗಿನವರಿಗೆ ಅದು ಅರ್ಥವಾಗುವುದಿಲ್ಲ, ಆದ್ದರಿಂದ ತುಣುಕಿನಲ್ಲಿ ಉಳಿಯುವುದಿಲ್ಲ.

ಇಲ್ಲಿಂದ ಒಂದು ನಿಜವಾದ ಪ್ರಶ್ನೆ ಏಳುತ್ತದೆ. ‘ಡಿಜಿಟಲ್ ಮಾಧ್ಯಮದ ಪ್ರಭಾವ’ ಎಂಬುದು ಪ್ರಶ್ನೆಯಲ್ಲ, ಅದು ಒಂದು ಕ್ಷೇತ್ರದ ಹೆಸರು. ಪ್ರಶ್ನೆಗೆ ಉತ್ತರ ಹೀಗೂ ಇರಬಹುದು, ಹಾಗೂ ಇರಬಹುದು ಎಂಬಂತಿರಬೇಕು. ‘ಕೋಲದ ಚಿತ್ರೀಕರಣಕ್ಕೆ ಊರವರು ಎತ್ತುವ ಆಕ್ಷೇಪ ಕ್ಯಾಮೆರಾದ ಮೇಲೋ, ಅಥವಾ ಆ ಚಿತ್ರ ಯಾರ ಕೈ ಸೇರುತ್ತದೆ ಎಂಬುದರ ಮೇಲೋ?’ ಎಂದು ಕೇಳಿದರೆ ಅದು ಉದ್ದೇಶ. ಇದಕ್ಕೆ ಎರಡು ಉತ್ತರ ಸಾಧ್ಯ. ಯಾವುದು ಸರಿ ಎಂದು ಊರಿಗೆ ಹೋಗಿ ಕೇಳಿ, ನೋಡಿ ಹೇಳಬಹುದು. ಸಾರಾಂಶದ ಮೊದಲ ಎರಡು ವಾಕ್ಯದಲ್ಲಿ ಈ ಪ್ರಶ್ನೆ ಬಂದುಬಿಡಬೇಕು. ಪ್ರಾಚೀನ ಪರಂಪರೆ, ಪರಶುರಾಮ ಸೃಷ್ಟಿ ಎಂದೆಲ್ಲ ಪೀಠಿಕೆಗೆ ಐವತ್ತು ಪದ ಕೊಟ್ಟರೆ ಉಳಿಯುವುದು 200 ಮಾತ್ರ.

‘ಮೊದಲ ಬಾರಿಗೆ’ ಎಂಬ ಮಾತನ್ನೂ ಸುಮ್ನೆ ಬರೆಯಬಾರದು. ಈ ಆಚರಣೆಯನ್ನು ಬೇರೊಂದು ಮಾಧ್ಯಮಕ್ಕೆ ಇಳಿಸುವ ಕೆಲಸ ಹಳೆಯದು. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ 1886ರಲ್ಲೇ ಪಾಡ್ದನಗಳನ್ನು ಅಚ್ಚು ಹಾಕಿತ್ತು. ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿದ್ದ ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1894ರಿಂದ, ಇಂಗ್ಲಿಷ್ ಅನುವಾದದೊಂದಿಗೆ ಪತ್ರಿಕೆಯೊಂದರಲ್ಲಿ ಬಂದವು. ಆಮೇಲೆ ಕ್ಯಾಸೆಟ್, ಸಿ.ಡಿ. ಕೂಡ ಬಂದವು. ಹಾಗಾದರೆ ಮೊಬೈಲಿನಲ್ಲಿ ಹೊಸದೇನು? ಪುಸ್ತಕ ಓದಿದವರು ಕೋಲದ ಕಳದಲ್ಲಿ ಇರಲಿಲ್ಲ. ಮೊಬೈಲ್ ಹಿಡಿದವನು ಕಳದಲ್ಲೇ ನಿಂತಿದ್ದಾನೆ. ದೈವ ಅವನನ್ನು ನೋಡುತ್ತದೆ. ಪಕ್ಕದಲ್ಲಿ ಅರಿಕೆ ಮಾಡಲು ಬಂದ ಹೆಂಗಸೂ ನೋಡುತ್ತಾರೆ.

ಈ ಕ್ಷೇತ್ರದಲ್ಲಿ ಎಲ್ಲರೂ ಎತ್ತಿಕೊಳ್ಳುವ ಒಂದು ಭೇದವಿದೆ. ಕ್ರಿಸ್ಟೊಫರ್ ಹೆಲಂಡ್ ಎಂಬ ಧರ್ಮ ಸಮಾಜಶಾಸ್ತ್ರಜ್ಞರು 2000ದಲ್ಲಿ ಹೇಳಿದ್ದು. ಅಂತರ್ಜಾಲದಲ್ಲಿ ಧರ್ಮದ ಬಗ್ಗೆ ಮಾಹಿತಿ ಸಿಗುವುದು ಒಂದು, ಅಂತರ್ಜಾಲದಲ್ಲೇ ಜನ ಸೇರಿ ಆಚರಣೆ ನಡೆಸುವುದು ಇನ್ನೊಂದು. ದೇವಸ್ಥಾನದ ಪೂಜೆಯ ಸಮಯ ಹೇಳುವ ಜಾಲತಾಣ ಮೊದಲಿನದು, ಮನೆಯಲ್ಲೇ ಕೂತು ಪರದೆಯ ಮೇಲೆ ಹೂ ಹಾಕುವ ಪೂಜೆ ಎರಡನೆಯದು. ಈ ಗೆರೆ ಅಷ್ಟು ನೇರವಲ್ಲ ಎಂದು ಮುಂದೆ ಅವರೇ ತಿದ್ದಿಕೊಂಡರು. ಕೋಲದ ವಿಷಯದಲ್ಲಿ ಎರಡೂ ಹೊಂದುವುದಿಲ್ಲ ಎಂದು ನನಗೆ ಅನಿಸುತ್ತದೆ. ಇಲ್ಲಿ ಆಚರಣೆ ಪರದೆಗೆ ಹೋಗಿಲ್ಲ, ಪರದೆ ಆಚರಣೆಯ ಒಳಗೆ ಬಂದು ನಿಂತಿದೆ. ಹೆಲಂಡ್ ಹೆಸರು ಹೇಳುವುದಾದರೆ ಈ ಹೊಂದದ ಜಾಗವನ್ನು ತೋರಿಸಲು ಹೇಳಬೇಕು. ಓದಿದ್ದೇವೆ ಎಂದು ತೋರಿಸಲು 250 ಪದದಲ್ಲಿ ಜಾಗವಿಲ್ಲ.

ಇನ್ನು ವಾದ. ಸಾರಾಂಶಗಳಲ್ಲಿ ಹೆಚ್ಚಾಗಿ ಕಾಣೆಯಾಗುವುದು ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚಿತ್ರೀಕರಣದ ಬಗ್ಗೆ ಕೇಳಿದರೆ ಊರಿನಲ್ಲಿ ಮೊದಲು ಬರುವ ಉತ್ತರ ‘ಅದು ದೈವಕ್ಕೆ ಅಪಚಾರ’ ಎಂಬುದು. ಆ ಉತ್ತರವನ್ನು ಗೌರವದಿಂದ ಬರೆದುಕೊಳ್ಳಬೇಕು. ಆದರೆ ಅಲ್ಲಿಗೇ ನಿಲ್ಲಬಾರದು. ಅದೇ ಕಳದಲ್ಲಿ ಇನ್ನೊಂದು ಮೊಬೈಲ್ ಕೂಡ ಇರುತ್ತದೆ. ಗುತ್ತಿನ ಮನೆಯ ಮಗ ಮುಂಬೈಯಲ್ಲೋ ದುಬೈಯಲ್ಲೋ ಇದ್ದಾನೆ, ರಜೆ ಸಿಕ್ಕಿಲ್ಲ. ತಂಗಿ ವಾಟ್ಸಾಪ್ ವಿಡಿಯೊ ಕಾಲ್ ಮಾಡಿ ಕಂಬದ ಪಕ್ಕ ನಿಲ್ಲುತ್ತಾಳೆ. ಅವನು ಅಲ್ಲಿಂದಲೇ ಕೈ ಮುಗಿಯುತ್ತಾನೆ. ಕ್ಯಾಮೆರಾ ಇದೆ, ಪರದೆಯ ಬೆಳಕಿದೆ, ಚಿತ್ರವೂ ಹೋಗುತ್ತಿದೆ. ಅಪಚಾರ ಕ್ಯಾಮೆರಾದಿಂದಲೇ ಆಗುವುದಾದರೆ ರೀಲ್ಸ್ ಹುಡುಗನಿಗೆ ಬಿದ್ದ ಬೈಗುಳ ಇವಳಿಗೂ ಬೀಳಬೇಕಲ್ಲ? ಬೀಳುತ್ತದೆಯೋ ಇಲ್ಲವೋ ಎಂಬುದೇ ಪರೀಕ್ಷೆ.

ನನ್ನ ವಾದ ಇಷ್ಟು. ದೈವದ ಮಾತಿಗೆ ಒಂದು ಸೀಮೆ ಇರುತ್ತದೆ. ಪಾಡ್ದನ ಹೇಳುವುದು ಆ ಸೀಮೆಯ ಕಥೆಯನ್ನೇ. ಗುತ್ತು ಬರ್ಕೆಗಳನ್ನು ಕ್ರಮದಲ್ಲಿ ಕರೆಯುವುದು ಆ ಸೀಮೆಯೊಳಗೆ ಯಾರು ಯಾರಿದ್ದಾರೆ ಎಂದು ಪ್ರತಿ ವರ್ಷ ಮತ್ತೆ ಹೇಳುವುದು. ದುಬೈಯ ಮಗ ದೂರದಲ್ಲಿದ್ದರೂ ಸೀಮೆಯ ಒಳಗಿದ್ದಾನೆ, ಅವನ ಹೆಸರಿನಲ್ಲಿ ವಂತಿಗೆ ಸಂದಿರುತ್ತದೆ, ಅವನ ಮನೆಯನ್ನು ದೈವ ಕರೆಯುತ್ತದೆ. ರೀಲ್ಸ್ ನೋಡುವವನು ಪಕ್ಕದ ತಾಲೂಕಿನಲ್ಲಿದ್ದರೂ ಹೊರಗಿನವನು. ಹಾಗಾಗಿ ಜಗಳದ ಮೂಲ ಚಿತ್ರ ತೆಗೆಯುವುದರಲ್ಲಿಲ್ಲ, ಕೇಳುಗರು ಯಾರು ಎಂಬುದು ಕೈ ತಪ್ಪಿ ಹೋಗುವುದರಲ್ಲಿದೆ. ‘ಪಾವಿತ್ರ್ಯ’ ಎಂಬ ಒಂದೇ ಮಾತಿನ ಕೆಳಗೆ ಈ ಇನ್ನೊಂದು ದೂರು ಅಡಗಿ ಕೂತಿದೆ.

ಇದು ವಾದ ಯಾಕೆಂದರೆ ಇದನ್ನು ಒಪ್ಪದೆ ಇರಬಹುದು. ಇದನ್ನು ಬೀಳಿಸುವ ಸಾಕ್ಷಿ ಏನೆಂದೂ ಹೇಳಬಹುದು. ಮನೆಯವರ ವಿಡಿಯೊ ಕಾಲನ್ನೂ ಅಷ್ಟೇ ಕಟ್ಟುನಿಟ್ಟಾಗಿ ತಡೆಯುವ ಊರುಗಳು ಹೆಚ್ಚು ಸಿಕ್ಕರೆ ನನ್ನ ಮಾತು ನಿಲ್ಲುವುದಿಲ್ಲ. ಅದು ಮುಟ್ಟದ ಜಾಗಗಳೂ ಇವೆ. ಮಂಗಳೂರು ಹತ್ತಿರದ ಕುತ್ತಾರಿನಲ್ಲಿ, ಕೊರಗಜ್ಜ ಎಂಬ ದೈವದ ಆದಿಸ್ಥಳದಲ್ಲಿ, ಕೋಲದ ಹೊತ್ತಿಗೆ ಬೆಳಕೇ ಇರಬಾರದು. ಆ ಕಟ್ಟಳೆ ಮೊಬೈಲಿಗಿಂತ ಹಳೆಯದು. ಅಲ್ಲಿ ವಿಡಿಯೊ ಕಾಲ್‌ನ ಪರದೆ ಬೆಳಗಿದರೂ ತಪ್ಪೇ, ಆ ಕಡೆ ಇರುವವನು ಯಾರೇ ಆಗಿರಲಿ. ಅಂಥ ಕಡೆಯ ಆಕ್ಷೇಪ ಬೇರೆ ಬಗೆಯದು. ಅದನ್ನು ತಂದು ಈ ವಾದದೊಳಗೆ ತುರುಕಿದರೆ ಓದುವವರಿಗೆ ಗೊತ್ತಾಗುತ್ತದೆ. ‘ಬೆಳಕಿನ ನಿಷೇಧವಿರುವ ಸ್ಥಳಗಳನ್ನು ಹೊರಗಿಡಲಾಗಿದೆ’ ಎಂಬ ಒಂದು ಸಾಲು ಸಾರಾಂಶಕ್ಕೆ ತುಂಬ ಬಲ ಕೊಡುತ್ತದೆ.

ವಾದ ಹೀಗೆ ನಿಂತ ಮೇಲೆ ವಿಧಾನ ತಾನಾಗಿ ಬರುತ್ತದೆ. ಎರಡು ಬಗೆಯ ಮೊಬೈಲ್ ಬಳಕೆಯನ್ನು ಹೋಲಿಸಬೇಕು, ಆದ್ದರಿಂದ ಕಳದಲ್ಲೇ ಇರಬೇಕು. ‘ಗುಣಾತ್ಮಕ ವಿಧಾನ ಬಳಸಲಾಗಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಎಷ್ಟು ನೇಮ, ಯಾವ ಭಾಗದಲ್ಲಿ, ಯಾರನ್ನು ಮಾತಾಡಿಸಿದ್ದು ಎಂದು ಹೇಳಬೇಕು. ದೈವ ಕಟ್ಟುವವರನ್ನು ಅದೇ ರಾತ್ರಿ ಮಾತಾಡಿಸಲು ಹೋಗಬಾರದು. ಅವರು ವ್ರತದಲ್ಲಿರುತ್ತಾರೆ, ಬೆಳಗಿನ ಹೊತ್ತಿಗೆ ಸುಸ್ತಾಗಿರುತ್ತಾರೆ. ನಾಲ್ಕು ದಿನ ಬಿಟ್ಟು ಮನೆಗೆ ಹೋದರೆ ಸಮಾಧಾನದಿಂದ ಮಾತಾಡುತ್ತಾರೆ. ಅರಿಕೆಯ ಹೊತ್ತಿನ ಮಾತುಗಳನ್ನು ಯಾರೂ ದಾಖಲಿಸಬಾರದು. ಅಧ್ಯಯನ ಮಾಡುವವರಿಗೂ ಇದು ಅನ್ವಯಿಸುತ್ತದೆ. ಬೇರೆಯವರ ಮನೆಯ ಜಗಳ ಹೊರಗೆ ಹೋಗಬಾರದು ಎಂದು ವಾದ ಮಾಡುವವರು ಅದನ್ನೇ ತಮ್ಮ ಟಿಪ್ಪಣಿಯಲ್ಲಿ ಹೊತ್ತು ತರುವುದು ಸರಿಯಲ್ಲ.

ತುಣುಕುಗಳನ್ನು ಸಂಗ್ರಹಿಸುವಾಗ ಎಡವುವವರು ಬಹಳ. `#bhootakola` ಎಂದು ಹುಡುಕಿದರೆ ಕೋಲ ಮಾತ್ರ ಬರುವುದಿಲ್ಲ. ಶಾಲೆಯ ವಾರ್ಷಿಕೋತ್ಸವದ ಕುಣಿತ, ಸ್ತಬ್ಧಚಿತ್ರ, ಸಿನಿಮಾದ ದೃಶ್ಯ, ವೇಷ ಹಾಕಿ ಮಾಡಿದ ಅನುಕರಣೆ ಎಲ್ಲವೂ ಒಟ್ಟಿಗೆ ಬರುತ್ತದೆ. ಇವನ್ನು ಬೇರ್ಪಡಿಸದೆ ‘ನೂರು ವಿಡಿಯೊ ನೋಡಿದೆ’ ಎಂದರೆ ಆ ನೂರಕ್ಕೆ ಬೆಲೆಯಿಲ್ಲ. ಇನ್ನೊಂದು ತೊಂದರೆ ಎಂದರೆ, ನಿಮ್ಮ ಖಾತೆಗೆ ಬರುವ ವಿಡಿಯೊ ನೀವು ಹಿಂದೆ ನೋಡಿದ್ದನ್ನು ಅನುಸರಿಸಿ ಬರುತ್ತದೆ. ಕರಾವಳಿಯವರ ಖಾತೆಯಲ್ಲಿ ಕಾಣುವುದೇ ಬೇರೆ, ಕಲಬುರಗಿಯವರ ಖಾತೆಯಲ್ಲಿ ಕಾಣುವುದೇ ಬೇರೆ. ಹೊಸ ಖಾತೆ ತೆರೆದು, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಗಡಿ ಹಾಕಿಕೊಂಡು ಹುಡುಕಬೇಕು. ಆಕ್ಷೇಪ ಬಂದ ಮೇಲೆ ಅಳಿಸಿದ ತುಣುಕು ಸಂಗ್ರಹದಲ್ಲಿ ಇರುವುದೇ ಇಲ್ಲ, ಆದರೆ ಈ ಪ್ರಶ್ನೆಗೆ ಎಲ್ಲಕ್ಕಿಂತ ಬೇಕಾದದ್ದು ಅದೇ. ಅದರ ಸುದ್ದಿ ಊರಿನಲ್ಲಿ ಕೇಳಿದರೆ ಮಾತ್ರ ಸಿಗುತ್ತದೆ. ಎಷ್ಟು ಜನ ನೋಡಿದರು ಎಂಬ ಅಂಕಿಯಿಂದ ಭಕ್ತಿಯನ್ನೂ ಅಳೆಯಲಾಗದು, ಅಪಚಾರವನ್ನೂ ಅಳೆಯಲಾಗದು.

ಕಂಡುಕೊಂಡದ್ದು ಎಂಬ ಭಾಗಕ್ಕೆ ಕಾಲದ ಸಮಸ್ಯೆ ಇದೆ. ಪತ್ತನಾಜೆ ಬರುವುದು ಮೇ ತಿಂಗಳ ಕೊನೆಯ ಹೊತ್ತಿಗೆ, ಅಲ್ಲಿಗೆ ಆ ವರ್ಷದ ನೇಮಗಳು ನಿಲ್ಲುತ್ತವೆ. ಸಾರಾಂಶ ಕಳಿಸುವ ಕೊನೆಯ ದಿನ ಜುಲೈಯಲ್ಲಿದ್ದರೆ ಒಂದು ಪೂರ್ತಿ ಋತುವಿನ ಟಿಪ್ಪಣಿ ಕೈಯಲ್ಲಿರುತ್ತದೆ. ನವೆಂಬರ್‌ನಲ್ಲಿದ್ದರೆ ಹೊಸ ಋತು ಆಗಷ್ಟೇ ಶುರುವಾಗಿರುತ್ತದೆ. ಆಗ ಹೆಚ್ಚಿನವರು ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಎಂದು ಬರೆದು ಮುಗಿಸುತ್ತಾರೆ. ಆಯ್ಕೆ ಮಾಡುವವರು ಮೊದಲು ಬದಿಗಿಡುವುದು ಇಂಥವನ್ನೇ. ಒಂದೇ ನೇಮ ನೋಡಿದ್ದರೂ ಅದರಲ್ಲಿ ಕಂಡದ್ದು ಒಂದು ಇರುತ್ತದಲ್ಲ, ಅದನ್ನು ‘ಈವರೆಗೆ ಕಂಡಂತೆ’ ಎಂದು ಬರೆಯಬಹುದು. ವಾದವನ್ನೇ ಬೇರೆ ಮಾತಿನಲ್ಲಿ ತಿರುಗಿಸಿ ಹೇಳಿದರೆ ಅದು ಕಂಡದ್ದು ಆಗುವುದಿಲ್ಲ. ‘ಸೀಮೆ ಮುಖ್ಯ’ ಎಂಬುದು ವಾದ. ‘ಫಲಕ ಹಾಕಿದ ಊರಿನಲ್ಲೂ ಮನೆಯವರ ಕಾಲ್‌ಗೆ ಯಾರೂ ಅಡ್ಡಿ ಮಾಡಲಿಲ್ಲ’ ಎಂಬುದು ಕಂಡದ್ದು.

ಇಷ್ಟನ್ನೂ ಸೇರಿಸಿ ಒಂದು ಮಾದರಿ ಕಟ್ಟಿದ್ದೇನೆ. ಇದರ ಸಂಖ್ಯೆಗಳು ಮತ್ತು ಫಲಿತ ಮಾದರಿಗೆಂದು ಇಟ್ಟವು. ಅಧ್ಯಯನ ಮಾಡಿದವರು ತಮ್ಮದನ್ನು ಅಲ್ಲಿ ತುಂಬಬೇಕು. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ 250 ಪದದ ಮಿತಿಯಲ್ಲಿ ಸಾಕಷ್ಟು ಹಿಡಿಯುತ್ತದೆ. ಇದು ಅದಕ್ಕಿಂತ ತುಂಬ ಕಡಿಮೆಯಲ್ಲೇ ಮುಗಿದಿದೆ.

“ದೈವದ ನೇಮಗಳಲ್ಲಿ ಮೊಬೈಲ್ ಚಿತ್ರೀಕರಣಕ್ಕೆ ಬರುವ ಆಕ್ಷೇಪ ಕ್ಯಾಮೆರಾದ ಮೇಲೋ, ಚಿತ್ರ ತಲುಪುವ ನೋಡುಗರ ಮೇಲೋ ಎಂದು ಈ ಪ್ರಬಂಧ ಕೇಳುತ್ತದೆ. ದಕ್ಷಿಣ ಕನ್ನಡದ ಎರಡು ತಾಲೂಕುಗಳಲ್ಲಿ ಒಂದೇ ಋತುವಿನ ನಾಲ್ಕು ನೇಮಗಳನ್ನು ನೋಡಿ, ದೈವ ಕಟ್ಟುವವರು, ಗುತ್ತಿನ ಹಿರಿಯರು, ಚಿತ್ರ ತೆಗೆದವರು ಮತ್ತು ಊರ ಹೊರಗಿದ್ದು ವಿಡಿಯೊ ಕಾಲ್‌ನಲ್ಲಿ ನೋಡಿದ ಮನೆಯವರನ್ನು ಮಾತಾಡಿಸಲಾಗಿದೆ. ಅದೇ ಅವಧಿಯಲ್ಲಿ ಹೊಸ ಖಾತೆಯೊಂದರಿಂದ ಸಂಗ್ರಹಿಸಿದ ತುಣುಕುಗಳಲ್ಲಿ ವೇದಿಕೆಯ ಅನುಕರಣೆಗಳನ್ನು ಬೇರ್ಪಡಿಸಿ, ಉಳಿದವುಗಳಲ್ಲಿ ನೇಮದ ಯಾವ ಹಂತ ಕಾಣುತ್ತದೆ ಎಂದು ಗುರುತಿಸಲಾಗಿದೆ. ಬೆಳಕಿನ ನಿಷೇಧವಿರುವ ಸ್ಥಳಗಳನ್ನು ಹೊರಗಿಡಲಾಗಿದೆ. ಅರಿಕೆಯ ಮಾತುಗಳನ್ನು ದಾಖಲಿಸಿಲ್ಲ. ದೈವದ ನುಡಿ ಒಂದು ಸೀಮೆಯವರಿಗೆ ಹೇಳಿದ ಮಾತು; ಪಾವಿತ್ರ್ಯದ ಹೆಸರಿನ ಆಕ್ಷೇಪದೊಳಗೆ ಆ ಸೀಮೆಯ ಮೇಲಿನ ಹಿಡಿತ ತಪ್ಪುವ ಆತಂಕವಿದೆ ಎಂಬುದು ಇಲ್ಲಿನ ವಾದ. ಮೂರು ಕಡೆ ಚಿತ್ರೀಕರಣ ನಿಷೇಧವಿದ್ದರೂ ಮನೆಯವರ ವಿಡಿಯೊ ಕಾಲ್‌ಗೆ ತಡೆ ಇರಲಿಲ್ಲ. ಒಂದು ಕಡೆ ಗಗ್ಗರ ಕಟ್ಟಿದ ಮೇಲೆ ಎರಡನ್ನೂ ನಿಲ್ಲಿಸಲಾಯಿತು. ತುಣುಕುಗಳಲ್ಲಿ ಕುಣಿತವೇ ಹೆಚ್ಚು, ನುಡಿ ಬಹಳ ಕಡಿಮೆ. ಮೊಬೈಲ್‌ಗಳು ಹತ್ತಿರ ಬಂದಾಗ ಅರಿಕೆ ಮಾಡುವವರು ಹಿಂದೆ ಸರಿದರು ಎಂದು ಹಿರಿಯರು ಹೇಳಿದರು.”

ಇದರಲ್ಲಿ ವಾದಕ್ಕೆ ಹೊಂದದ ಒಂದು ಸಂಗತಿಯೂ ಉಳಿದಿದೆ, ನಾಲ್ಕನೆಯ ಊರು. ಅಲ್ಲಿ ಗಗ್ಗರ ಕಟ್ಟಿದ ಕ್ಷಣವೇ ಗಡಿಯಾಯಿತು. ಒಳಗಿನವರು, ಹೊರಗಿನವರು ಎಂಬ ಭೇದ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ನಿಜವಾದ ಕ್ಷೇತ್ರಕಾರ್ಯದಲ್ಲಿ ಇಂಥದ್ದು ಸಿಕ್ಕೇ ಸಿಗುತ್ತದೆ. ಅದನ್ನು ಮುಚ್ಚಿಟ್ಟರೆ ಸಾರಾಂಶ ನೋಡಲು ಚೊಕ್ಕವಾಗಿರುತ್ತದೆ, ಆದರೆ ಸಂಕಿರಣದಲ್ಲಿ ಕರಾವಳಿಯವರು ಯಾರಾದರೂ ಎದ್ದು ನಿಂತು ‘ನಮ್ಮೂರಲ್ಲಿ ಹಾಗಿಲ್ಲವಲ್ಲ’ ಎಂದರೆ ಉತ್ತರ ಇರುವುದಿಲ್ಲ. ಬರೆದಿಟ್ಟರೆ ಅದೇ ಚರ್ಚೆಗೆ ದಾರಿಯಾಗುತ್ತದೆ.

ಬಿಟ್ಟದ್ದೂ ಬಹಳ ಇದೆ. ದೈವ ಕಟ್ಟುವವರ ಮುಖ ಲಕ್ಷಾಂತರ ಮೊಬೈಲಿಗೆ ಹೋಗುತ್ತದೆ, ಆದರೆ ಆ ತುಣುಕಿನಿಂದ ಬರುವ ಹಣವಾಗಲಿ ಹೆಸರಾಗಲಿ ಅವರಿಗೆ ಸೇರುವುದಿಲ್ಲ. ಸಿನಿಮಾ ಬಂದ ಮೇಲೆ, 2022ರ ಅಕ್ಟೋಬರ್‌ನಲ್ಲಿ, 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ಚಿತ್ರ ತೆಗೆಯಲು ಅವರ ಒಪ್ಪಿಗೆ ಕೇಳುವವರು ಯಾರು, ಕೊಡುವ ಹಕ್ಕು ಅವರದೋ, ಗುತ್ತಿನದೋ, ದೈವದ್ದೋ ಎಂಬುದು ಜಾತಿಯ ಪ್ರಶ್ನೆಯೂ ಹೌದು, ದುಡ್ಡಿನ ಪ್ರಶ್ನೆಯೂ ಹೌದು. ಮೇಲಿನ ಸಾರಾಂಶದಲ್ಲಿ ಇದಕ್ಕೆ ಒಂದು ವಾಕ್ಯ ಸೇರಿಸಬಹುದಿತ್ತು. ಸೇರಿಸಿದರೆ ಸೀಮೆಯ ವಾದದ ಎಳೆ ತಪ್ಪುತ್ತಿತ್ತು, ಈ ಪ್ರಶ್ನೆಗೂ ನ್ಯಾಯ ಸಿಗುತ್ತಿರಲಿಲ್ಲ. ಇದಕ್ಕೆ ಬೇರೆಯೇ ಪ್ರಬಂಧ ಬೇಕು. ಅದನ್ನು ಪಂಬದ, ಪರವ, ನಲಿಕೆ ಮನೆಗಳಿಂದ ಓದಿ ಬಂದ ಮಕ್ಕಳೇ ಬರೆದರೆ, ಗಗ್ಗರ ಕಟ್ಟಿದವರನ್ನು ನಾಲ್ಕು ದಿನ ಬಿಟ್ಟು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವರು ಮನೆಯಲ್ಲೇ ಇರುತ್ತಾರೆ.